295 ರೂಪಾಯಿ ಯಾರು ತೆಗೆದರು?

ಭಟ್ಕಳದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಪರಿಚಯದ ಅಣ್ಣ ಒಂದು ಸಂಜೆ ಪಾಸ್‌ಬುಕ್ ಹಿಡಿದು ನಮ್ಮ ಹತ್ತಿರ ಬಂದರು. ಮೂರು ತಿಂಗಳಿಂದ ತಿಂಗಳಿಗೊಮ್ಮೆ 295 ರೂಪಾಯಿ ಕಡಿತವಾಗಿತ್ತು. "ಅಂಗಡಿ ಫೋನು ಹುಡುಗನ ಕೈಲೇ ಇರ್ತದೆ ಮಾರಾಯ್ರೇ" ಎಂದು ದನಿ ತಗ್ಗಿಸಿದರು. ಅನುಮಾನ ಯಾರ ಮೇಲೆಂದು ನಮಗೆ ತಿಳಿಯಿತು.

ನಾವು ಮೊದಲು ಲೆಕ್ಕ ಮಾಡಿದೆವು. 295ನ್ನು 1.18ರಿಂದ ಭಾಗಿಸಿದರೆ ಸರಿಯಾಗಿ 250. ಅಂದರೆ 250 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 45 ರೂಪಾಯಿ. ಕದಿಯುವವನು ಜಿಎಸ್‌ಟಿ ಸೇರಿಸಿ ಕದಿಯುವುದಿಲ್ಲ. ಇದು ಬ್ಯಾಂಕಿನ ಶುಲ್ಕವೇ ಇರಬೇಕು ಅನ್ನಿಸಿತು.

ಖಾತೆ ಇದ್ದದ್ದು ಹೊನ್ನಾವರದ ಶಾಖೆಯಲ್ಲಿ. ಮರುದಿನ ಶರಾವತಿ ಸೇತುವೆ ದಾಟಿ ಅಲ್ಲಿಗೆ ಹೋದೆವು. ಪಾಸ್‌ಬುಕ್ಕಿನಲ್ಲಿ ವಿವರ ಅರ್ಧಕ್ಕೇ ನಿಂತಿತ್ತು. ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿದಾಗ `ACH RTN CHG` ಎಂದಿತ್ತು. ಯಾರೋ ಕಂತು ಕೇಳಿದ್ದಾರೆ, ಖಾತೆಯಲ್ಲಿ ಹಣವಿಲ್ಲದೆ ಅದು ವಾಪಸಾಗಿದೆ, ಅದಕ್ಕೆ ದಂಡ ಎಂದು ಅರ್ಥ.

"5ನೇ ತಾರೀಕಿಗೆ ವಾಪಸಾಗಿದೆ. ಆ ದಿನ ದಂಡಕ್ಕೂ ಹಣ ಇರಲಿಲ್ಲ. ಆಮೇಲೆ ಜಮಾ ಆದಾಗ ಮುರಿದುಕೊಂಡಿದೆ" ಎಂದರು ಗುಮಾಸ್ತರು. ಗಿರಾಕಿಗಳ ಹಣ ಬಂದ ದಿನವೇ 295 ಹೋಗುತ್ತಿದ್ದದ್ದು ಇದಕ್ಕೇ. ಹುಡುಗನ ಮೇಲೆ ಅನುಮಾನ ಹುಟ್ಟಿದ್ದೂ ಅಲ್ಲೇ.

ಕಂತು ಕೇಳಿದವರು ಯಾರು? ಬ್ಯಾಂಕಿನವರು `UMRN` ಎಂಬ 20 ಅಕ್ಷರದ ಸಂಖ್ಯೆ ಬರೆದುಕೊಟ್ಟರು. ಖಾತೆಯಿಂದ ಹಣ ಎಳೆಯಲು ನಾವು ಸಹಿ ಹಾಕಿ ಕೊಡುವ ಪ್ರತಿ ಒಪ್ಪಿಗೆಗೂ ಇಂಥದ್ದೊಂದು ಸಂಖ್ಯೆ ಇರುತ್ತದೆ. ಅದರ ಮುಂದೆ ಇದ್ದದ್ದು ಕುಮಟಾದ ಒಂದು ಫೈನಾನ್ಸ್ ಕಚೇರಿಯ ಹೆಸರು. ಅಣ್ಣ ಹಣೆ ಚಚ್ಚಿಕೊಂಡರು. ಐಸ್‌ಕ್ರೀಮ್ ಫ್ರೀಜರಿಗೆ ಮಾಡಿದ ಸಾಲ, ಉಳಿದ ಕಂತುಗಳನ್ನು ಅವಧಿಗೆ ಮೊದಲೇ ಒಟ್ಟಿಗೆ ಕಟ್ಟಿ ಮುಗಿಸಿದ್ದರು. ಸಾಲ ಮುಗಿದಿತ್ತು, ಒಪ್ಪಿಗೆ ಮುಗಿದಿರಲಿಲ್ಲ.

ಕುಮಟಾದಲ್ಲಿ ರಸೀದಿ ತೋರಿಸಿದೆವು. ಅವರ ಕಂಪ್ಯೂಟರಿನಲ್ಲಿ ಸಾಲ ಇನ್ನೂ ನಡೆಯುತ್ತಲೇ ಇತ್ತು. ಬಾಯಿಮಾತು ಬೇಡವೆಂದು ದೂರನ್ನು ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆವು. ಬರುವಾಗ ಹೊನ್ನಾವರದಲ್ಲಿ ಇಳಿದು ಆ ಒಪ್ಪಿಗೆ ರದ್ದು ಮಾಡಲು ಬ್ಯಾಂಕಿಗೂ ಅರ್ಜಿ ಕೊಟ್ಟೆವು. ಬ್ಯಾಂಕು ದಂಡ ಬಿಡಲಿಲ್ಲ. ಅದರ ಪಾಲಿಗೆ ಸಹಿ ಇದ್ದ ಕಾಗದ ಸರಿಯೇ ಇತ್ತು. ಮೂರು ವಾರದ ನಂತರ ಫೈನಾನ್ಸಿನವರೇ 885 ರೂಪಾಯಿ ಹಾಕಿದರು, ಸಾಲ ತೀರಿದ ಪತ್ರವನ್ನೂ ಕೊಟ್ಟರು.

ಸಾಲ ಬೇಗ ತೀರಿಸಿದವರು ರಸೀದಿಯಷ್ಟಕ್ಕೇ ಮನೆಗೆ ಬರಬೇಡಿ. ಸಾಲ ತೀರಿದ ಪತ್ರ ಕೇಳಿ, ಖಾತೆಯ ಮೇಲಿನ ಒಪ್ಪಿಗೆ ರದ್ದಾಯಿತೇ ಎಂದು ನಿಮ್ಮ ಬ್ಯಾಂಕಿನಲ್ಲೂ ನೋಡಿ.

ಮೊನ್ನೆ ಅಂಗಡಿಗೆ ಹೋದಾಗ ಫೋನು ಹುಡುಗನ ಕೈಯಲ್ಲೇ ಇತ್ತು. "ಅವನಿಗೆ ಏನೂ ಹೇಳ್ಲಿಲ್ಲ, ಹೇಳುವ ಮೊದಲು ನಿಮ್ಮ ಹತ್ರ ಬಂದದ್ದೇ ಒಳ್ಳೇದಾಯ್ತು" ಎಂದರು ಅಣ್ಣ.