ಚಟ್ನಿಪುಡಿಯ ಹೆಸರು ಮತ್ತು ಅದರ ನಕಲು

ವರದಿಗೆ ಇಷ್ಟು ಎಂದು ಎಣಿಸಿ ಬರುವ ದುಡ್ಡಿನಲ್ಲಿ ಜಿಲ್ಲಾ ವರದಿಗಾರರ ಮನೆ ನಡೆಯುವುದಿಲ್ಲ ಎಂಬುದು ಇಲ್ಲಿ ಓದುವವರಿಗೆ ಹೊಸ ಸುದ್ದಿಯೇನಲ್ಲ. ನಮ್ಮ ಮನೆಯಲ್ಲಿ ಆ ಕೊರತೆ ತುಂಬುವುದು ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ. ಅವ್ವ ಹುರಿದು ಕುಟ್ಟಿಸುತ್ತಾಳೆ, ಅತ್ತಿಗೆ ಪ್ಯಾಕಿಂಗು ಮತ್ತು ಲೆಕ್ಕ ನೋಡುತ್ತಾರೆ, ಅರ್ಜಿ, ಕಾಗದಪತ್ರ, ಜಗಳ ಇವೆಲ್ಲ ಬರವಣಿಗೆ ಬಲ್ಲವರ ಪಾಲಿಗೆ. ಪ್ಯಾಕೆಟ್ಟಿನ ಮೇಲೆ ನಮ್ಮದೊಂದು ಹೆಸರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಜಾಹೀರಾತಾದೀತು.

ಆ ಹೆಸರನ್ನು ಆರಿಸುವಾಗಲೇ ಅರ್ಧ ಕೆಲಸ ಮುಗಿದಿತ್ತು ಎಂದು ಈಗ ಅನ್ನಿಸುತ್ತದೆ. ಓಣಿಯವರು ಹೇಳಿದ್ದು ‘ಉತ್ತರ ಕರ್ನಾಟಕ ಚಟ್ನಿ’, ‘ಖಾರ ಶೇಂಗಾ’, ಇಲ್ಲವೇ ಮನೆದೇವರ ಹೆಸರು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮು ವಸ್ತುವಿನ ಗುಣವನ್ನೋ ಊರನ್ನೋ ಹೇಳುವ ಪದವನ್ನು ಒಬ್ಬರ ಸ್ವತ್ತಾಗಿ ಕೊಡುವುದಿಲ್ಲ. ಶೇಂಗಾ ಚಟ್ನಿ ಮಾಡುವವರೆಲ್ಲ ಶೇಂಗಾ ಚಟ್ನಿ ಎಂದೇ ಬರೆಯಬೇಕಲ್ಲ. ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದೇವೆ ಎಂದು ಬರೆಯಬಹುದು, ಆದರೆ ‘ಬ್ಯಾಡಗಿ’ ಭೌಗೋಳಿಕ ಸೂಚಿ ಪಡೆದ ಹೆಸರು, ಅದು ಅಲ್ಲಿನ ಬೆಳೆಗಾರರದು.

ದೇವರ ಹೆಸರಿನ ಕಷ್ಟಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಹಾಲು ಮಹಾಮಂಡಳವು ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿತ್ತು. ‘ನಂದಿನಿ ಡೀಲಕ್ಸ್’ ಹೋಟೆಲಿನವರು 1989ರಿಂದ ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚಿಗೆ ಹಾಕಿ ನಡೆಸುತ್ತಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರವಾಗಿ ಹೇಳಿತು. ನಂದಿನಿ ಎಂಬುದು ಪುರಾಣದ ಹಸುವಿನ, ದೇವತೆಯ ಹೆಸರು, ಮಹಾಮಂಡಳ ಹುಟ್ಟಿಸಿದ ಪದವಲ್ಲ. ಇಬ್ಬರೂ ಮಾರುವ ಪದಾರ್ಥವೂ ಬೇರೆ ಎಂಬುದು ಅದರ ತರ್ಕ. ಮನೆ ಮನೆಗೆ ಗೊತ್ತಿರುವ ಬ್ರ್ಯಾಂಡಿನ ಕಥೆಯೇ ಹೀಗಾದರೆ ಚಟ್ನಿಪುಡಿಯವರ ಗತಿಯೇನು? ಹಾಗಾಗಿ ಅಜ್ಜಿಯನ್ನು ಓಣಿಯಲ್ಲಿ ಕರೆಯುತ್ತಿದ್ದ ಅಡ್ಡಹೆಸರನ್ನೇ ಇಟ್ಟೆವು. ನಿಘಂಟಿನಲ್ಲಿ ಅದಕ್ಕೆ ಅರ್ಥವಿಲ್ಲ, ಚಟ್ನಿಗೂ ಅದಕ್ಕೂ ಸಂಬಂಧವಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅದಕ್ಕಿಂತ ಗಟ್ಟಿ ಹೆಸರು ಸಿಗುವುದು ಕಷ್ಟ.

ಅರ್ಜಿ ಹಾಕುವ ಮೊದಲು ipindia.gov.in ತಾಣದ ಸಾರ್ವಜನಿಕ ಹುಡುಕಾಟದಲ್ಲಿ ಆ ಹೆಸರನ್ನು ಎಲ್ಲ ಕಾಗುಣಿತದಲ್ಲೂ ನೋಡಿದೆವು. ಅಲ್ಲಿ ಉಚ್ಚಾರಣೆಯ ಮೇಲೆ ಹುಡುಕುವ ಆಯ್ಕೆಯೂ ಇದೆ, ಅದೇ ಮುಖ್ಯ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಜನ ನಾಲ್ಕು ಥರ ಬರೆಯುತ್ತಾರೆ. ಪದಾರ್ಥಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಚಟ್ನಿ, ಮಸಾಲೆ, ಹಿಟ್ಟು 30ನೇ ವರ್ಗ, ಉಪ್ಪಿನಕಾಯಿ 29. ನಮ್ಮದು 30 ಒಂದೇ ಸಾಕಿತ್ತು. ಉದ್ಯಮ್ ನೋಂದಣಿ ಅವ್ವನ ಹೆಸರಲ್ಲಿದ್ದುದರಿಂದ ಅರ್ಜಿಯೂ ಅವಳ ಹೆಸರಲ್ಲೇ ಹೋಯಿತು. ಟಿಎಂ-ಎ ನಮೂನೆಯನ್ನು ಆನ್‌ಲೈನಿನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಒಂದು ವರ್ಗಕ್ಕೆ 4,500 ರೂಪಾಯಿ, ಕಂಪನಿಗಳಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಕನ್ನಡ ಲಿಪಿಯ ಹೆಸರಾದರೆ ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಡಬೇಕು. ಲೇಬಲ್ಲಿನ ಚಿತ್ರದ ಬದಲು ಬರೀ ಅಕ್ಷರಗಳನ್ನೇ ನೋಂದಾಯಿಸಿದೆವು. ಲೇಬಲ್ಲಿನ ಬಣ್ಣ ನಾಳೆ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ.

ಅರ್ಜಿಯಲ್ಲಿ ಈ ಹೆಸರು ಯಾವಾಗಿನಿಂದ ಬಳಕೆಯಲ್ಲಿದೆ ಎಂಬ ಕಾಲಮು ಇದೆ. ‘ಇನ್ನು ಮುಂದೆ ಬಳಸುತ್ತೇವೆ’ ಎಂದೂ ಬರೆಯಬಹುದು. ಹಳೆಯ ದಿನಾಂಕ ಹೇಳುವುದಾದರೆ ಪ್ರಮಾಣಪತ್ರ ಮತ್ತು ದಾಖಲೆ ಬೇಕು. ಪ್ರಿಂಟಿಂಗ್ ಪ್ರೆಸ್ಸಿನವರು ಮೊದಲ ಲೇಬಲ್ಲಿಗೆ ಕೊಟ್ಟ ಬಿಲ್ಲನ್ನು ಅತ್ತಿಗೆ ಅಕ್ಕಿ ಡಬ್ಬಿಯ ಮೇಲಿನ ಫೈಲಿನಲ್ಲಿ ಇಟ್ಟಿದ್ದರು. ಆ ಎಣ್ಣೆಜಿಡ್ಡಿನ ಕಾಗದವೇ ನಮ್ಮ ಬಲವಾದ ಸಾಕ್ಷಿಯಾಯಿತು. ಈ ದೇಶದಲ್ಲಿ ಮೊದಲು ನೋಂದಾಯಿಸಿದವನಿಗಿಂತ ಮೊದಲು ಬಳಸಿದವನ ಹಕ್ಕು ದೊಡ್ಡದು.

ಅರ್ಜಿ ಹಾಕಿದ ವಾರದಿಂದ ಫೋನುಗಳು ಶುರು: ‘ನಿಮ್ಮ ಮಾರ್ಕಿಗೆ ಆಕ್ಷೇಪಣೆ ಬಂದಿದೆ, ಇಷ್ಟು ಹಣ ಕಟ್ಟಿ.’ ಅರ್ಜಿಯ ವಿವರಗಳು ಸಾರ್ವಜನಿಕ, ಯಾರು ಬೇಕಾದರೂ ನೋಡಿ ಫೋನ್ ಮಾಡಬಹುದು. ನಂಬಬೇಕಾದ್ದು ತಾಣದಲ್ಲಿ ಅರ್ಜಿ ಸಂಖ್ಯೆ ಹಾಕಿದಾಗ ಕಾಣುವ ಸ್ಥಿತಿಯನ್ನು ಮಾತ್ರ. ಅಲ್ಲಿ `Objected` ಎಂದು ಬಂದರೆ ಪರೀಕ್ಷಾ ವರದಿ ಕೈಸೇರಿದ ಒಂದು ತಿಂಗಳೊಳಗೆ ಉತ್ತರಿಸಬೇಕು, ಇಲ್ಲದಿದ್ದರೆ ಅರ್ಜಿ ಕೈಬಿಟ್ಟಂತೆ. ದಾಟಿದರೆ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ, ನಾಲ್ಕು ತಿಂಗಳು ಯಾರಾದರೂ ವಿರೋಧಿಸಬಹುದು. ಯಾರೂ ವಿರೋಧಿಸದಿದ್ದರೆ ನೋಂದಣಿ, ಅದೂ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಹತ್ತು ವರ್ಷಕ್ಕೆ. ಅಲ್ಲಿಯವರೆಗೆ ಹೆಸರಿನ ಪಕ್ಕ ™ ಹಾಕಬಹುದು. ® ಹಾಕುವಂತಿಲ್ಲ, ನೋಂದಣಿಯಾಗದೆ ಹಾಕುವುದು ಅಪರಾಧ.

ನಕಲು ಬಂದದ್ದು ಈ ಕಾಯುವ ಹೊತ್ತಿನಲ್ಲೇ. ಪುಣೆಯ ಗಿರಾಕಿಯೊಬ್ಬರು ಫೋನ್ ಮಾಡಿ, ‘ಏನ್ರೀ, ಈ ಸಲದ ಶೇಂಗಾ ಚಟ್ನಿ ಕಮಟು ಹೊಡೀತದಲ್ರಿ’ ಅಂದರು. ಆ ತಿಂಗಳು ಅವರಿಗೆ ನಾವು ಏನೂ ಕಳಿಸಿರಲಿಲ್ಲ. ದೊಡ್ಡದೊಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ನಮ್ಮದೇ ಫೋಟೋ, ನಮ್ಮ ಅಟ್ಟದ ಮೇಲಿನ ಒಳಕಲ್ಲು ಸಮೇತ, ಬೇರೆ ಮಾರಾಟಗಾರನ ಹೆಸರಲ್ಲಿ ಇತ್ತು. ಹೆಸರಿನಲ್ಲಿ ಇಂಗ್ಲಿಷಿನ ಒಂದು ಅಕ್ಷರ ಜೋಡಿಯಾಗಿತ್ತು. ನಾವು 180ಕ್ಕೆ ಮಾರುವ ಕಾಲು ಕಿಲೋಗೆ ಅವನ ಬೆಲೆ 119. ಅವ್ವ ಕೇಳಿದ್ದು ಒಂದೇ: ‘ಆ ಮಂದಿ ಹೊಟ್ಟಿ ಕೆಟ್ರ ಯಾರ ಹೆಸರು ಹೇಳ್ತಾರ?’

ಮೊದಲು ದೂರು ಕೊಡಲಿಲ್ಲ, ಮೊದಲು ಕೊಂಡೆವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾರೋ ನಮ್ಮದೇ ಅಸಲಿ ಪ್ಯಾಕೆಟ್ ಕೊಂಡು ಹಾಗೇ ಮಾರಿದರೆ ಅದು ಉಲ್ಲಂಘನೆಯಲ್ಲ. ಒಮ್ಮೆ ನಾವು ಮಾರಿದ ಮೇಲೆ ಆ ಪ್ಯಾಕೆಟ್ಟಿನ ಮೇಲೆ ನಮ್ಮ ಹಿಡಿತ ಮುಗಿಯಿತು, ಸರಕು ಕೆಡಿಸಿಯೋ ಬದಲಿಸಿಯೋ ಮಾರಿದರೆ ಮಾತ್ರ ತಡೆಯಬಹುದು. ಬೆಂಗಳೂರಿನ ಒಬ್ಬರು ನಮ್ಮ ಚಟ್ನಿಯನ್ನೇ ಹೆಚ್ಚು ಬೆಲೆಗೆ ಮಾರುತ್ತಾರೆ, ಅವರ ಮೇಲೆ ದೂರಿಲ್ಲ. ಹಾಗಾಗಿ ಒಳಗೆ ಏನಿದೆ ಎಂಬುದು ಗೊತ್ತಾಗದೆ ‘ನಕಲಿ’ ಎಂದು ಬರೆಯುವಂತಿರಲಿಲ್ಲ.

ಹುಬ್ಬಳ್ಳಿಯ ಗೆಳೆಯರ ವಿಳಾಸಕ್ಕೆ ಆರ್ಡರ್ ಮಾಡಿ, ಡಬ್ಬಿ ಒಡೆಯುವುದನ್ನು ನಿಲ್ಲಿಸದೆ ವಿಡಿಯೊ ಮಾಡಿಸಿದೆವು. ಬಂದ ಪ್ಯಾಕೆಟ್ಟಿನ ಮೇಲೆ ತಯಾರಕರ ವಿಳಾಸವಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇತ್ತು, ಆದರೆ ಅದನ್ನು ಪ್ರಾಧಿಕಾರದ ಫಾಸ್ಕಾಸ್ ತಾಣದಲ್ಲಿ ಹಾಕಿದಾಗ ಬಂದದ್ದು ಸಂಬಂಧವೇ ಇಲ್ಲದ ಬೇರೊಂದು ರಾಜ್ಯದ ಸಂಸ್ಥೆಯ ಹೆಸರು. ಜೊತೆಗಿದ್ದ ಬಿಲ್ಲಿನಲ್ಲಿ ಮಾರಾಟಗಾರನ ಜಿಎಸ್‌ಟಿ ಸಂಖ್ಯೆ ಸಿಕ್ಕಿತು. ಜಿಎಸ್‌ಟಿ ತಾಣದಲ್ಲಿ ಅದನ್ನು ಹುಡುಕಿದರೆ ನಿಜವಾದ ವ್ಯಾಪಾರಿಯ ಹೆಸರು ಮತ್ತು ಊರು ಸಿಗುತ್ತದೆ. ಕೊಂಡವರಿಗೆ ಇನ್ನೊಂದು ಹಕ್ಕಿದೆ: 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಗ್ರಾಹಕ ಬರೆದು ಕೇಳಿದರೆ ಮಾರಾಟಗಾರನ ವಿಳಾಸವನ್ನು ಮಾರುಕಟ್ಟೆ ಕೊಡಬೇಕು. ಗೆಳೆಯರು ತಮ್ಮ ಹೆಸರಿನಲ್ಲೇ ಕೇಳಿದರು.

ಇಷ್ಟಾದ ಮೇಲೆ ದೂರು. ಮಾರುಕಟ್ಟೆಗಳ ದೂರಿನ ನಮೂನೆಯಲ್ಲಿ ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ, ನಕಲಿ ಸರಕು ಎಂಬ ಬೇರೆ ಬೇರೆ ಬಾಗಿಲುಗಳಿರುತ್ತವೆ. ಆ ತಾಣದ ಟ್ರೇಡ್‌ಮಾರ್ಕ್ ಬಾಗಿಲಲ್ಲಿ ನೋಂದಣಿ ಸಂಖ್ಯೆ ಕಡ್ಡಾಯ, ನಮ್ಮಲ್ಲಿದ್ದದ್ದು ಅರ್ಜಿ ಸಂಖ್ಯೆ. ಆದರೆ ಫೋಟೋ? ಫೋಟೋ ತೆಗೆದ ಕ್ಷಣದಲ್ಲೇ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಡ. ನಮ್ಮ ಕ್ಯಾಮೆರಾದ ಮೂಲ ಫೈಲು, ಅದರ ದಿನಾಂಕ, ಅವನ ಪುಟದ ಕೊಂಡಿ, ನಮ್ಮ ಪುಟದ ಕೊಂಡಿ ಇಷ್ಟನ್ನು ಸೇರಿಸಿ ಕೃತಿಸ್ವಾಮ್ಯದ ಬಾಗಿಲಲ್ಲಿ ಹಾಕಿದೆವು. ಕೋಪದ ಒಂದು ಮಾತೂ ಬರೆಯಲಿಲ್ಲ. ಅಲ್ಲಿ ಓದುವವರಿಗೆ ಬೇಕಾದ್ದು ಯಾವ ಪುಟ, ಯಾವ ಚಿತ್ರ, ಯಾರ ಹಕ್ಕು ಎಂಬುದಷ್ಟೇ. ಮುಖಪುಟದ ಸುದ್ದಿ ಬರೆದಂತೆ ಬರೆಯಬೇಕು. ನಾಲ್ಕನೇ ದಿನ ಆ ಪುಟ ಮಾಯವಾಯಿತು.

ಮೂರು ವಾರದಲ್ಲಿ ಅವನು ತನ್ನದೇ ಫೋಟೋ ಹಾಕಿ ಮತ್ತೆ ಬಂದ, ಅದೇ ಹೆಸರು. ಈಗ ಫೋಟೋದ ಹಕ್ಕು ಕೆಲಸಕ್ಕೆ ಬರಲಿಲ್ಲ. ನೋಂದಣಿಯಾಗದ ಹೆಸರಿಗೂ ‘ಪಾಸಿಂಗ್ ಆಫ್’ ಎಂದು ಕೋರ್ಟಿಗೆ ಹೋಗಬಹುದು, ಆದರೆ 119 ರೂಪಾಯಿಯ ಪ್ಯಾಕೆಟ್ಟಿಗಾಗಿ ವಕೀಲರ ಫೀಸು ಕಟ್ಟುವ ಶಕ್ತಿ ನಮ್ಮದಲ್ಲ. ಮಾರುಕಟ್ಟೆಯ ದೂರು ಅಧಿಕಾರಿಗೆ ಬರೆದಿಟ್ಟೆವು, ಸುಳ್ಳು ಸಂಖ್ಯೆಯ ಪ್ಯಾಕೆಟ್ಟಿನ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೂ ದೂರು ಹಾಕಿದೆವು. ಬರೆದಿಡುವುದಕ್ಕೆ ಕಾರಣವಿದೆ. ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಎರಡು ಔಷಧಿಗಳ ಜಗಳದಲ್ಲಿ 1962ರಲ್ಲೇ ಸುಪ್ರೀಂ ಕೋರ್ಟ್, ಅರ್ಧಂಬರ್ಧ ನೆನಪಿಟ್ಟುಕೊಳ್ಳುವ ಸಾಮಾನ್ಯ ಗಿರಾಕಿಗೆ ಈ ಎರಡು ಹೆಸರು ಗೊಂದಲ ತರುತ್ತವೆ ಎಂದು ಒಪ್ಪಿತ್ತು. ಆದರೂ ಅಮೃತಧಾರಾದವರು ಗೊತ್ತಿದ್ದೂ ವರ್ಷಗಟ್ಟಲೆ ಸುಮ್ಮನಿದ್ದರೆಂಬ ಕಾರಣಕ್ಕೆ ಇನ್ನೊಬ್ಬರಿಗೆ ಉತ್ತರಪ್ರದೇಶದ ಮಟ್ಟಿಗೆ ನೋಂದಣಿ ಸಿಕ್ಕಿತು. ನಾವು ಸುಮ್ಮನಿರಲಿಲ್ಲ ಎಂಬುದಕ್ಕೆ ದಿನಾಂಕವಿರುವ ಕಾಗದ ಬೇಕು.

ಪ್ರಮಾಣಪತ್ರ ಬಂದ ದಿನವೇ ಟ್ರೇಡ್‌ಮಾರ್ಕ್ ಬಾಗಿಲಲ್ಲಿ ದೂರು ಹೋಯಿತು. ದೂರುದಾರರ ಹೆಸರು ಪ್ರಮಾಣಪತ್ರದ ಹೆಸರೇ ಆಗಿರಬೇಕು, ಅದಕ್ಕೆ ಅವ್ವನ ಹೆಸರಲ್ಲೇ ಇಮೇಲ್ ತೆರೆದಿದ್ದೆವು. ಬೇರೆಯವರು ಕೊಡುವುದಾದರೆ ಅಧಿಕಾರಪತ್ರ ಬೇಕು. ‘ಒಂದಕ್ಷರ ಹೆಚ್ಚಿದೆ, ಉಚ್ಚಾರ ಅದೇ, ವರ್ಗ ಅದೇ, ಸರಕು ಅದೇ’ ಎಂಬ ಒಂದು ಸಾಲು, ಜೊತೆಗೆ ಪರೀಕ್ಷೆಗೆ ಕೊಂಡ ಆರ್ಡರಿನ ಸಂಖ್ಯೆ. ಎರಡು ದಿನದಲ್ಲಿ ಪುಟ ತೆಗೆದರು.

ತೆಗೆದದ್ದು ಪುಟವನ್ನು, ಮಾರಾಟಗಾರನನ್ನಲ್ಲ. ಅವನು ಈಗ ‘ಕರುನಾಡ ಶೇಂಗಾ ಚಟ್ನಿ’ ಎಂದು ಮಾರುತ್ತಾನೆ; ಅದರಲ್ಲಿ ನಮ್ಮ ಹೆಸರಿಲ್ಲ, ಹಾಗಾಗಿ ಅದಕ್ಕೆ ನಮ್ಮ ತಕರಾರೂ ಇಲ್ಲ. ಅವ್ವನ ಹದವನ್ನೂ ಯಾವ ಪ್ರಮಾಣಪತ್ರವೂ ಕಾಯುವುದಿಲ್ಲ. ಪ್ರತಿ ಸೋಮವಾರ ಅತ್ತಿಗೆ ಮೂರು ಮಾರುಕಟ್ಟೆಗಳಲ್ಲಿ ಐದು ಕಾಗುಣಿತದಲ್ಲಿ ನಮ್ಮ ಹೆಸರು ಹುಡುಕಿ, ಕಂಡ ಪುಟದ ಚಿತ್ರವನ್ನು ದಿನಾಂಕ ಸಮೇತ ಉಳಿಸಿಕೊಳ್ಳುತ್ತಾರೆ. ಹೋದ ವಾರ ಗುರೆಳ್ಳು ಪುಡಿಯ ಹೊಸ ಪುಟವೊಂದು ಕಂಡಿದೆ. ಆರ್ಡರ್ ಮಾಡಿದ್ದೇವೆ, ಪ್ಯಾಕೆಟ್ ಇನ್ನೂ ಬಂದಿಲ್ಲ.