ರೆಸ್ಯೂಮೆಗಿಂತ ಮೊದಲು ಎಂಟು ಪದ

ಹತ್ತು ಜನರಷ್ಟೇ ಇರುವ ಸ್ಟಾರ್ಟಪ್‌ನಲ್ಲಿ ಸಾಮಾನ್ಯವಾಗಿ ಎಚ್‌ಆರ್ ಇರೋದಿಲ್ಲ. ಮೇಲ್ ಓದೋದು ಫೌಂಡರೇ, ಅದೂ ಎರಡು ಮೀಟಿಂಗ್ ನಡುವೆ, ಫೋನಿನಲ್ಲಿ. ಕನ್ನಡ ಎಂ.ಎ. ಮಾಡಿದ ನನ್ನ ರೆಸ್ಯೂಮೆ ನೋಡಿದರೆ, ಆ್ಯಪ್ ಕಂಪನಿಗೆ ನಾನು ಯಾಕೆ ಬೇಕು ಅಂತ ಅವರಿಗೆ ಹೊಳೆಯೋದು ಕಷ್ಟ. ಅದಕ್ಕೇ ಒಂದು ಸಣ್ಣ ಕೆಲಸ ಮಾಡಿ ತೋರಿಸೋಣ ಅಂದುಕೊಂಡೆ.

ಅದು ಬೆಂಗಳೂರಿನ ಒಂದು ದಿನಸಿ ಆ್ಯಪ್. ಹೊಸದಾಗಿ ಕನ್ನಡ ಬಂದಿತ್ತು. ಇಡೀ ಆ್ಯಪ್ ತಿದ್ದಲು ಹೋಗಲಿಲ್ಲ. ಅದು ಪುಕ್ಕಟೆ ಚಾಕರಿಯಾಗುತ್ತೆ. ಸಾಮಾನು ಆರಿಸಿದ ಮೇಲೆ ದುಡ್ಡು ಕಟ್ಟುವವರೆಗಿನ ದಾರಿಯನ್ನಷ್ಟೇ ನೋಡಿದೆ. ವ್ಯಾಪಾರ ಕೈತಪ್ಪೋದು ಅಲ್ಲೇ.

ಕೂಪನ್ ಪಕ್ಕದ ‘Apply’ ಬಟನ್ ‘ಅರ್ಜಿ ಸಲ್ಲಿಸಿ’ ಆಗಿತ್ತು. ‘Home’ ಅನ್ನೋದು ‘ಮನೆ’ ಆಗಿತ್ತು. ಪರದೆ ತೋರಿಸದೆ ಬರೀ ಪದಗಳ ಪಟ್ಟಿ ಅನುವಾದಕ್ಕೆ ಕೊಟ್ಟರೆ ಹೀಗಾಗುತ್ತೆ.

ಅಮ್ಮ, ಪಕ್ಕದ್ಮನೆ ಆಂಟಿ, ನಮ್ಮ ಬೀದಿಯ ಟೈಲರ್, ಮೂವರಿಗೂ ಫೋನ್ ಕೊಟ್ಟು ಸುಮ್ಮನೆ ಕೂತೆ. “ಇಪ್ಪತ್ತು ರೂಪಾಯಿಗೂ ಅರ್ಜಿ ಹಾಕ್ಬೇಕೇನೇ?” ಅಂತ ಅಮ್ಮ ಕೂಪನ್ನೇ ಬಿಟ್ಟರು. ಆಂಟಿ, ಸಾಮಾನು ಮನೆಗೆ ಬರಲಿ ಅಂತ ‘ಮನೆ’ ಒತ್ತಿದರು. ಆ್ಯಪ್ ಮೊದಲ ಪುಟಕ್ಕೆ ವಾಪಸ್ ಹೋಯ್ತು. ಟೈಲರ್‌ಗೆ ತೊಂದರೆಯಾಗಲಿಲ್ಲ.

ಎಂಟು ಸಾಲಿನ ಗೂಗಲ್ ಶೀಟ್ ಮಾಡಿದೆ: ಈಗಿರುವ ಪದ, ಓದಿದವರು ತಿಳಿದದ್ದು, ನನ್ನ ಸಲಹೆ, ಸ್ಕ್ರೀನ್‌ಶಾಟ್. ‘ಅರ್ಜಿ ಸಲ್ಲಿಸಿ’ ಬದಲು ‘ಕೂಪನ್ ಬಳಸಿ’, ‘ಮನೆ’ ಬದಲು ‘ಮುಖಪುಟ’. ಶೇರ್ ಮಾಡುವಾಗ `Anyone with the link` ಇಟ್ಟು, ಲಾಗಿನ್ ಇಲ್ಲದೆ ತೆರೆಯುತ್ತಾ ಅಂತ ಬೇರೆ ಫೋನಿನಲ್ಲಿ ನೋಡಿದೆ. ಪರ್ಮಿಷನ್ ಕೇಳುವ ಲಿಂಕ್‌ಗಾಗಿ ಯಾರೂ ಕಾಯೋದಿಲ್ಲ.

ಮೇಲ್‌ನ ಸಬ್ಜೆಕ್ಟ್: ‘ಕನ್ನಡ ಚೆಕೌಟ್‌ನಲ್ಲಿ ತಡವರಿಸುವಂತೆ ಮಾಡುವ 8 ಪದಗಳು’. ಒಳಗೆ ಇಷ್ಟೇ:

“ನಮಸ್ಕಾರ ಸರ್. ನಿಮ್ಮ ಆ್ಯಪ್ ಅನ್ನು ಕನ್ನಡದಲ್ಲಿ ಮೂವರ ಕೈಗೆ ಕೊಟ್ಟು ನೋಡಿದೆ. ಇಬ್ಬರು ದುಡ್ಡು ಕಟ್ಟುವ ಮೊದಲೇ ತಡವರಿಸಿದರು. ಕಾರಣ ಮತ್ತು ಬದಲಿ ಪದಗಳು ಈ ಶೀಟ್‌ನಲ್ಲಿವೆ, ಹಾಗೇ ಬಳಸಿಕೊಳ್ಳಿ. ಮೂವರಿಂದ ಎಲ್ಲರ ಬಗ್ಗೆ ಹೇಳಲಾಗದು. ಕನ್ನಡ ಆರಿಸಿದವರಲ್ಲಿ ಎಷ್ಟು ಜನ ಪೇಮೆಂಟ್‌ಗೆ ಮೊದಲು ಬಿಟ್ಟು ಹೋಗುತ್ತಾರೆ ಅನ್ನೋದು ನಿಮ್ಮ ಲೆಕ್ಕದಲ್ಲಿ ಸಿಗುತ್ತದೆ. ಆ್ಯಪ್‌ನ ಕನ್ನಡದ ಹೊಣೆ ಹೊರುವ ಕೆಲಸ ನನಗೆ ಬೇಕು. ಈ ವಾರ 15 ನಿಮಿಷ ಮಾತಾಡಬಹುದೇ?”

ಆರು ದಿನ ಸದ್ದಿಲ್ಲ. ‘ನೋಡಿದ್ರಾ ಸರ್?’ ಅಂತ ಕೇಳುವ ಬದಲು, ಅದೇ ಮೇಲ್‌ಗೆ ಒಂಬತ್ತನೇ ಪದವೊಂದನ್ನು ಸೇರಿಸಿ ಕಳಿಸಿದೆ. ರಾತ್ರಿಯೇ ಉತ್ತರ ಬಂತು: “ನಂಬರ್ ಕಳಿಸಿ.”

ಫೋನಿನಲ್ಲಿ ಅವರು ರೆಸ್ಯೂಮೆ ಕೇಳಲಿಲ್ಲ. “ಅಪ್ಲೈಗೆ ‘ಅನ್ವಯಿಸಿ’ ಯಾಕೆ ಬೇಡ?” ಅಂದರು. “ಅದನ್ನೂ ತೋರಿಸಿದ್ದೆ ಸರ್, ಆಂಟಿ ‘ಹಂಗಂದ್ರೇನು’ ಅಂದ್ರು” ಅಂದೆ. ನಕ್ಕರು.

ಸಿಕ್ಕಿದ್ದು ಪೂರ್ತಿ ಕೆಲಸವಲ್ಲ, ಸಂಬಳದ ಒಂದು ತಿಂಗಳ ಕಾಂಟ್ರ್ಯಾಕ್ಟ್. ಪೇಮೆಂಟ್‌ವರೆಗೆ ತಲುಪುವವರ ಸಂಖ್ಯೆ ಏರಿದರೆ ಮುಂದಿನ ಮಾತು. ಸದ್ಯ ‘ರೀಫಂಡ್’ಗೆ ಟೈಲರ್ ಅಣ್ಣ ಏನಂತಾರೆ ಅಂತ ಕೇಳಬೇಕಿದೆ.