ಬಜ್ಪೆಗೆ ಹೊರಟವರ ಚೀಟಿ

1985ರ ಆಸುಪಾಸಿನಲ್ಲಿ ಬೆಳ್ತಂಗಡಿ ಕಡೆಯ ನಮ್ಮ ಮನೆಯಲ್ಲಿ ವಿಮಾನದ ಟಿಕೆಟ್ ಇರುತ್ತಿದ್ದದ್ದು ಚಾವಡಿಯ ಮರದ ಪೆಟ್ಟಿಗೆಯಲ್ಲಿ, ಜಾಗದ ಕಾಗದಪತ್ರಗಳ ಜೊತೆ. ಗಲ್ಫಿನಿಂದ ರಜೆಗೆ ಬಂದ ಅಣ್ಣ ಮೊದಲು ಅಮ್ಮನ ಕೈಗೆ ಕೊಡುತ್ತಿದ್ದದ್ದು ಅದನ್ನೇ. ಚೆಕ್ ಪುಸ್ತಕದಂಥ ತೆಳ್ಳಗಿನ ಪುಸ್ತಕ, ಒಳಗಿನ ಹಾಳೆಗಳ ಬೆನ್ನಿಗೆ ಕೆಂಪು ಕಾರ್ಬನ್. ಮುಟ್ಟಿದರೆ ಬೆರಳ ತುದಿ ಕೆಂಪಾಗುತ್ತಿತ್ತು. ಹೊರಡುವ ದಿನ ಹೊರಗೆ ತೆಗೆದಾಗ ಅದಕ್ಕೆ ಪೆಟ್ಟಿಗೆಯ ನುಸಿಗುಳಿಗೆಯ ವಾಸನೆ ಹತ್ತಿರುತ್ತಿತ್ತು. ನಾನು ಹುಡುಗುಬುದ್ಧಿಯಲ್ಲಿ ಅದರ ಒಂದೊಂದು ಅಕ್ಷರವನ್ನೂ ಓದಿ, ಅಣ್ಣನಿಗಿಂತ ಮೊದಲು ದುಬೈ ತಲುಪಿದವನ ಹಾಗೆ ತಿರುಗುತ್ತಿದ್ದೆ.

ಟಿಕೆಟ್ ಕೈಯಲ್ಲಿದ್ದರೆ ಸಾಲುತ್ತಿರಲಿಲ್ಲ. ಹೊರಡುವುದಕ್ಕೆ 72 ಗಂಟೆ ಮೊದಲು ‘ನಾನು ಬರುವುದು ಖಂಡಿತ’ ಎಂದು ಕಂಪನಿಗೆ ತಿಳಿಸಬೇಕಿತ್ತು. ರೀಕನ್‌ಫರ್ಮ್ ಎನ್ನುತ್ತಿದ್ದರು. ಅಣ್ಣ ಬೆಳಗಿನ ಮೊದಲ ಬಸ್ಸಿಗೆ ಮಂಗಳೂರಿಗೆ ಹೋಗಿ, ಕಚೇರಿಯಲ್ಲಿ ಸಾಲು ನಿಂತು, ಸಂಜೆ ಮನೆ ಸೇರುತ್ತಿದ್ದ. ಆಮೇಲೆ ಬೊಂಬಾಯಿಯಿಂದ ಹೊರಡುವ ವಿಮಾನದ ಹೊತ್ತು ಬದಲಾದರೆ ಅಲ್ಲಿಯ ನೆಂಟರು 15 ಪೈಸೆಯ ಕಾರ್ಡು ಬರೆದರೆ ಆಗುತ್ತಿರಲಿಲ್ಲ. ಗುರುವಾಯನಕೆರೆಯ ಜೀನಸು ಅಂಗಡಿಗೆ ಟ್ರಂಕಾಲ್ ಬರಬೇಕು, ಅಂಗಡಿಯ ಹುಡುಗ ಸೈಕಲ್ ತುಳಿದು ನಮ್ಮ ಅಂಗಳಕ್ಕೆ ಬರಬೇಕು. ಸುದ್ದಿ ಬರುವಾಗ ಅಣ್ಣ ಬೊಂಬಾಯಿ ಬಸ್ಸು ಹತ್ತಿ ಆಗಿದ್ದದ್ದೂ ಉಂಟು.

2006ರಲ್ಲಿ ಬಜ್ಪೆಯಿಂದಲೇ ದುಬೈಗೆ ವಿಮಾನ ಶುರುವಾಯಿತು. 2008ರ ಜೂನ್ 1ರಿಂದ ವಿಮಾನ ಕಂಪನಿಗಳ ಜಾಗತಿಕ ಒಕ್ಕೂಟವೇ ಕಾಗದದ ಟಿಕೆಟ್ ನಿಲ್ಲಿಸಿತು. ಮರದ ಪೆಟ್ಟಿಗೆಯ ಕೆಲಸ ಅಲ್ಲಿಗೆ ಮುಗಿಯಿತು. ಈಗ ಟಿಕೆಟ್ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ನಮ್ಮ ಕೈಯಲ್ಲಿರುವುದು ಅದನ್ನು ತೆರೆಯುವ ಆರು ಅಕ್ಷರ–ಅಂಕಿಗಳ ಪಿಎನ್‌ಆರ್ ಮಾತ್ರ. ಇಷ್ಟು ತಿಳಿದರೆ ಫೋನ್ ಸತ್ತಾಗ ಅರ್ಧ ಗಾಬರಿ ತಾನಾಗಿ ಇಳಿಯುತ್ತದೆ. ಸತ್ತದ್ದು ಫೋನು, ಟಿಕೆಟ್ ಅಲ್ಲ.

ಹೋದ ವರ್ಷ ಆಟಿ ತಿಂಗಳ ಮಳೆಯಲ್ಲಿ ನಮ್ಮ ಭಾವ ಮತ್ತು ಅಕ್ಕ ಮುಂಬೈಯ ಮಗಳ ಮನೆಗೆ ಹೊರಟರು. ಅವರದು ಘಟ್ಟದ ಬುಡದ ಮನೆ. ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ, ಅಂಗಳದ ಒಂದು ಮೂಲೆ ಬಿಟ್ಟರೆ ನೆಟ್‌ವರ್ಕ್ ಇಲ್ಲ. ಟಿಕೆಟ್ ಮಾಡಿದ್ದು ಮಗಳು, ತನ್ನ ನಂಬರ್ ಕೊಟ್ಟು. ವಿಮಾನ ಎರಡು ಗಂಟೆ ತಡ ಎಂಬ ಸಂದೇಶ ಬೆಳಗ್ಗೆ ಹೋದದ್ದು ಅವಳಿಗೆ. ಅವಳು ಫೋನ್ ಮಾಡಿದರೆ ಭಾವನದ್ದು ‘ವ್ಯಾಪ್ತಿ ಪ್ರದೇಶದ ಹೊರಗೆ’. ಗುರುವಾಯನಕೆರೆಗೆ ಬಂದ ಮೇಲೆ ಫೋನು ಒಮ್ಮೆ ಟಣ್ ಎಂದಿತು, ಮಗಳ ಸಂದೇಶ ಅರ್ಧ ಓದುವಷ್ಟರಲ್ಲಿ ಆರಿತು. ರಾತ್ರಿಯಿಡೀ ಕರೆಂಟಿರಲಿಲ್ಲ.

ಅವರನ್ನು ಬಿಡಲು ಹೋದವನು ನಾನು. ವೇಣೂರು, ಮೂಡುಬಿದಿರೆ, ಕೈಕಂಬದ ಮೇಲಾಗಿ ಬಜ್ಪೆಗೆ ಹೋಗುವ ದಾರಿಯಲ್ಲಿ ಭಾವನ ಮುಖ ನೋಡಲಾಗುತ್ತಿರಲಿಲ್ಲ. “ಪಾಸೂ ಅದರಲ್ಲೇ, ಆಧಾರೂ ಅದರಲ್ಲೇ, ಮಗಳ ನಂಬರೂ ಅದರಲ್ಲೇ ಮಾರಾಯ” ಎಂದರು. ಅಕ್ಕ ಮಾತಾಡದೆ ಸೀರೆಗಂಟಿನ ಚೀಲ ಬಿಚ್ಚಿ, ಮಾಂಬಳದ ಪೊಟ್ಟಣದ ಪಕ್ಕದಿಂದ ಎರಡು ಆಧಾರ್ ಕಾರ್ಡು ತೆಗೆದರು. ಆ ಪ್ರಯಾಣ ಉಳಿದದ್ದು ಅವುಗಳಿಂದ. ನಮ್ಮ ದೇಶದಲ್ಲಿ ನಿಲ್ದಾಣದ ಬಾಗಿಲಲ್ಲೇ ಭದ್ರತೆಯವರು ಟಿಕೆಟನ್ನೂ ಗುರುತಿನ ಚೀಟಿಯನ್ನೂ ನೋಡುತ್ತಾರೆ. ಎರಡೂ ಫೋನಿನಲ್ಲಿದ್ದು ಫೋನ್ ಸತ್ತರೆ, ಒಳಗಿನ ಕೌಂಟರಿನವರು ಎಷ್ಟು ಒಳ್ಳೆಯವರಾದರೂ ಅವರವರೆಗೆ ಹೋಗಲಾಗುವುದಿಲ್ಲ.

ಮೂಡುಬಿದಿರೆಯಲ್ಲಿ ಕಾರು ನಿಲ್ಲಿಸಿ ನನ್ನ ಫೋನಿನಿಂದ ಮಗಳಿಗೆ ಕರೆ ಮಾಡಿದೆವು. ಅವಳು ಕಳಿಸಿದ ಟಿಕೆಟನ್ನು ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿದೆವು. ಹಾಳೆಗೆ 10 ರೂಪಾಯಿ, ಇನ್ನೂ ಬೆಚ್ಚಗಿತ್ತು, ಶಾಯಿಯ ವಾಸನೆ ಬರುತ್ತಿತ್ತು. ಅದನ್ನೂ ಆಧಾರನ್ನೂ ಬಾಗಿಲಲ್ಲಿ ತೋರಿಸಿ ಒಳಗೆ ಹೋದರು. ಕೌಂಟರಿನಲ್ಲಿ ಪಿಎನ್‌ಆರ್ ಹೇಳಿದಾಗ ದಪ್ಪ ಕಾಗದದ ಪಾಸು ಕೊಟ್ಟರು, ದುಡ್ಡು ಕೇಳಲಿಲ್ಲ. ಕೊರೊನಾ ಕಾಲದಿಂದ ಕೆಲವು ಕಂಪನಿಗಳು ಕೌಂಟರಿನ ಪಾಸಿಗೆ 200 ರೂಪಾಯಿ ಹಿಡಿಯುತ್ತಿದ್ದವು. 2022ರ ಜುಲೈಯಲ್ಲಿ ವಿಮಾನಯಾನ ಸಚಿವಾಲಯ ಅದು ಕೂಡದು ಎಂದಿತು. ಆದರೆ ಈ ದಾರಿಗೂ ಒಂದು ಗಡಿ ಉಂಟು. ದೇಶದೊಳಗಿನ ವಿಮಾನಗಳಿಗೆ ಕೌಂಟರು ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ. ಪಾಸು ಫೋನಿನಲ್ಲಿದೆ ಎಂಬ ಧೈರ್ಯದಲ್ಲಿ ಐವತ್ತು ನಿಮಿಷಕ್ಕೆ ಬಂದು ಅಲ್ಲಿ ಫೋನ್ ಆರಿದರೆ, ಅಚ್ಚು ಹಾಕಿ ಕೊಡುವವರು ಸಿಗುವುದು ಕಷ್ಟ.

ಆ ಪಾಸಿನ ಚೌಕದ ಗುರುತನ್ನು ನಾನು ಮೊದಲು ಬರೀ ಚುಕ್ಕಿಗಳ ರಾಶಿ ಎಂದುಕೊಂಡಿದ್ದೆ. ಹೆಸರು, ಪಿಎನ್‌ಆರ್, ವಿಮಾನದ ಸಂಖ್ಯೆ, ದಿನ, ಸೀಟು, ಎಲ್ಲ ಆ ಚುಕ್ಕಿಗಳಲ್ಲೇ ಬರೆದಿರುತ್ತದೆ. ಹಾಗಾಗಿ ಅದನ್ನು ಓದಿಸಲು ನಮ್ಮ ಫೋನಿಗೆ ಇಂಟರ್ನೆಟ್ ಬೇಡ, ಪಾಸಿನ ಸ್ಕ್ರೀನ್‌ಶಾಟ್ ಸಾಕು. ಒಡೆದ ಗಾಜಿನ ಗೀರು ಚೌಕದ ಮೇಲೆ ಹಾದರೆ, ಬೆಳಕು ಮಂಕಾಗಿದ್ದರೆ ಯಂತ್ರ ಓದದು. ಸೀಟು ಬದಲಾದರೆ ಹಳೆಯ ಚಿತ್ರ ಬಿಟ್ಟು ಹೊಸ ಪಾಸು ತೆಗೆದುಕೊಳ್ಳಬೇಕು. ಗೇಟು ಮಾತ್ರ ಕೊನೆಯ ಗಳಿಗೆಯವರೆಗೂ ಬದಲಾಗಬಹುದು, ಅದಕ್ಕೆ ಸಂದೇಶವನ್ನೋ ನಿಲ್ದಾಣದ ಫಲಕವನ್ನೋ ನೋಡಬೇಕು.

ಗಂಡ ಹೆಂಡತಿ ಇಬ್ಬರ ಪಾಸೂ ಒಂದೇ ಫೋನಿನಲ್ಲಿ ಇಟ್ಟುಕೊಳ್ಳುವುದು ನಮ್ಮ ಕಡೆಯ ಅಭ್ಯಾಸ. ತಪಾಸಣೆಯಲ್ಲಿ ಹೆಂಗಸರ ಸಾಲು ಬೇರೆ. ಫೋನು ತಟ್ಟೆಯಲ್ಲಿ ಕುಳಿತು ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ. ಅತ್ತ ಹೆಂಡತಿಯ ಹತ್ತಿರ ಪಾಸು ಕೇಳಿದರೆ ಅವಳು ಯಾರನ್ನು ತೋರಿಸಬೇಕು? ಆ ದಿನ ಅಕ್ಕನ ಕೈಯಲ್ಲಿ ಕಾಗದ ಇತ್ತು, ಅಕ್ಕ ಭಾವನಿಗಿಂತ ಮೊದಲು ದಾಟಿದರು.

ಇನ್ನು ವಿಮಾನದ ಸುದ್ದಿ ನಮಗೆ ಮುಟ್ಟುವ ಬಗೆ. ಆ್ಯಪಿನ ಗಂಟೆ ಬಾರಿಸಲು ಇಂಟರ್ನೆಟ್ ಬೇಕು, ಆ ಆ್ಯಪಿಗೆ ನಾವು ಅನುಮತಿ ಕೊಟ್ಟಿರಬೇಕು. ಬ್ಯಾಟರಿ ಉಳಿಸುವ ವ್ಯವಸ್ಥೆ ಹಾಕಿಟ್ಟರೆ ಎಷ್ಟೋ ಸಲ ಅದೂ ನಿದ್ದೆ ಹೋಗುತ್ತದೆ. ಎಸ್‌ಎಂಎಸ್ ಹಾಗಲ್ಲ, ಒಂದು ಕಡ್ಡಿ ಸಿಗ್ನಲ್ ಇದ್ದರೂ ಬರುತ್ತದೆ. ಆದರೆ ಅದು ಬರುವುದು ಟಿಕೆಟಿನಲ್ಲಿ ಬರೆದ ನಂಬರಿಗೆ. ಬಿ.ಸಿ. ರೋಡಿನ ಏಜೆಂಟರು ತಮ್ಮ ನಂಬರ್ ಹಾಕಿದ್ದರೆ ಬಂಟ್ವಾಳದಲ್ಲಿ ಮಲಗಿರುವ ನಿಮಗೆ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ: ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕರಿಗೆ ವಿಮಾನ ರದ್ದಾದಾಗಿನ ಪರಿಹಾರದ ಹಣ ಸಿಗುವುದಿಲ್ಲ ಎಂದು ಡಿಜಿಸಿಎ ನಿಯಮದಲ್ಲೇ ಇದೆ.

ಈಗ ನಮ್ಮ ಮನೆಯಿಂದ ಯಾರೇ ಹೊರಟರೂ ಪಾಸಿನ ಅಚ್ಚು ಪ್ರತಿ, ಗುರುತಿನ ಕಾರ್ಡು, ಪಿಎನ್‌ಆರ್ ಮತ್ತು ಎರಡು ಫೋನ್ ನಂಬರ್ ಬರೆದ ಚೀಟಿ ಅಂಗಿಯ ಕಿಸೆಯಲ್ಲಿರುತ್ತದೆ, ಜೊತೆಗೆ ಕಾರಿಗೆ ಕೊಡಲು ನಗದು. ಪವರ್‌ಬ್ಯಾಂಕ್ ಕೈಚೀಲದಲ್ಲಿ, ಅದನ್ನು ಲಗೇಜಿಗೆ ಹಾಕಲು ಬಿಡುವುದಿಲ್ಲ. ನೀವು ಮುಂದಿನ ಸಲ ಟಿಕೆಟ್ ಮಾಡಿಸಿದ ದಿನವೇ ಕಂಪನಿಯ ಆ್ಯಪಿನಲ್ಲಿ ಪಿಎನ್‌ಆರ್ ಹಾಕಿ ಅದರಲ್ಲಿ ಯಾರ ನಂಬರ್ ಇದೆ ಎಂದು ನೋಡಿ. ಅಪ್ಪ ಅಮ್ಮನಿಗೆ ಮಾಡಿಸಿದ್ದಾದರೆ ಅವರ ನಂಬರನ್ನೂ ಸೇರಿಸಿ.